ಆರ್ಡರ್ ಎಲ್ಲಿ ಕಾಯುತ್ತದೆ?

ಸಾಗಣೆ ಸಂಸ್ಥೆಗೆ ಆರ್ಡರ್ ಬಂದ ಗಳಿಗೆಯಿಂದ, ಸರಕನ್ನು ಲಾರಿಗೆ ಹೇರಲು ಬೇಕಾದ ಕಾಗದಪತ್ರ ಸಿದ್ಧವಾಗುವವರೆಗೆ ಹಿಡಿಯುವ ಅವಧಿಯೇ ಆರ್ಡರ್ ಸಂಸ್ಕರಣೆಯ ಸಮಯ. ಇದನ್ನು ತಗ್ಗಿಸಲು ಅನೇಕ ಸಂಸ್ಥೆಗಳು ಅನುಸರಿಸುವ ಕ್ರಮಕ್ಕೆ ‘ಡಿಮೇಯಿಕ್’ ಎಂದು ಹೆಸರು. 1986ರಲ್ಲಿ ಅಮೆರಿಕದ ಮೊಟೊರೊಲಾ ಕಂಪನಿಯಲ್ಲಿ ಶುರುವಾದ ಸಿಕ್ಸ್ ಸಿಗ್ಮಾ ಪದ್ಧತಿಯ ಭಾಗವಿದು. ಡಿಫೈನ್, ಮೆಷರ್, ಅನಲೈಸ್, ಇಂಪ್ರೂವ್, ಕಂಟ್ರೋಲ್ ಎಂಬ ಐದು ಪದಗಳ ಮೊದಲ ಅಕ್ಷರಗಳು ಸೇರಿ ಈ ಹೆಸರಾಗಿದೆ. ಕನ್ನಡದಲ್ಲಿ ಹೇಳುವುದಾದರೆ ನಿರೂಪಣೆ, ಅಳತೆ, ವಿಶ್ಲೇಷಣೆ, ಸುಧಾರಣೆ ಮತ್ತು ನಿಯಂತ್ರಣ.

ಉದಾಹರಣೆಗಾಗಿ ಮಧ್ಯಮ ಗಾತ್ರದ ಒಂದು ಸಾಗಣೆ ಸಂಸ್ಥೆಯನ್ನು ಕಲ್ಪಿಸಿಕೊಳ್ಳಬಹುದು. ಬೆಳಿಗ್ಗೆ ಕೊಟ್ಟ ಆರ್ಡರ್ ಸಂಜೆಯ ಗಾಡಿಗೆ ಹೋಗುತ್ತಿಲ್ಲ ಎಂಬುದು ಗ್ರಾಹಕರ ದೂರು. ಮೊದಲ ಹಂತದಲ್ಲಿ ಈ ದೂರನ್ನು ಅಳೆಯಬಹುದಾದ ಗುರಿಯಾಗಿ ಬರೆಯಬೇಕು: ಸರಾಸರಿ ಸಮಯ 3 ಗಂಟೆಯೊಳಗೆ ಬರಬೇಕು. ಕೆಲಸದ ಮೇರೆಯೂ ಇಲ್ಲಿಯೇ ಗೊತ್ತಾಗಬೇಕು. ಆರ್ಡರ್ ಕೈಸೇರುವುದು ಆರಂಭ, ಇ-ವೇ ಬಿಲ್ ಸಿದ್ಧವಾಗುವುದು ಕೊನೆ. ಲಾರಿ ದಾರಿಯಲ್ಲಿ ತಡವಾಗುವುದು ಬೇರೆಯೇ ಸಮಸ್ಯೆ. ಅದನ್ನೂ ಸೇರಿಸಿಕೊಂಡರೆ ಯೋಜನೆ ಮುಗಿಯುವುದೇ ಇಲ್ಲ.

ಅಳತೆಯ ಹಂತದಲ್ಲಿ ಎಡವುವುದು ಗಡಿಯಾರ ಶುರುವಾಗುವ ಜಾಗದಲ್ಲಿ. ಗುಮಾಸ್ತರು ಆರ್ಡರನ್ನು ಕಂಪ್ಯೂಟರಿಗೆ ಹಾಕಿದ ಹೊತ್ತನ್ನೇ ಆರಂಭವೆಂದು ಹಿಡಿದರೆ, ಅದಕ್ಕೆ ಮುಂಚೆ ಇಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಬಿದ್ದಿದ್ದ ಸಮಯ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಸಂದೇಶ ಬಂದ ಹೊತ್ತನ್ನೇ ದಾಖಲಿಸಿ, ಕಚೇರಿ ತೆರೆದಿರುವ ಗಂಟೆಗಳನ್ನು ಮಾತ್ರ ಎಣಿಸಬೇಕು. ಹೀಗೆ ಎರಡು ವಾರಗಳಲ್ಲಿ 200 ಆರ್ಡರ್‌ಗಳನ್ನು ಅಳೆದಾಗ ಸರಾಸರಿ 5.4 ಗಂಟೆ ಬಂತು ಎನ್ನೋಣ. ಒಂದು ಆರ್ಡರಿನ ಮೇಲೆ ಸಿಬ್ಬಂದಿ ನಿಜವಾಗಿ ಕೈಯಿಟ್ಟು ಕೆಲಸ ಮಾಡಿದ್ದು ಸುಮಾರು 35 ನಿಮಿಷ. ಉಳಿದದ್ದೆಲ್ಲ ಕಾಯುವಿಕೆ. ಇನ್ನಿಬ್ಬರು ಗುಮಾಸ್ತರನ್ನು ನೇಮಿಸಿಕೊಂಡರೂ ಈ ಕಾಯುವಿಕೆ ಹೆಚ್ಚೇನೂ ಕಡಿಮೆಯಾಗದು.

ಆರ್ಡರ್ ಯಾವುದಕ್ಕಾಗಿ ಕಾಯುತ್ತದೆ ಎಂಬುದು ವಿಶ್ಲೇಷಣೆಯ ಪ್ರಶ್ನೆ. ಸರಾಸರಿಯನ್ನು ಒಡೆದು ನೋಡಿದಾಗ ಉತ್ತರ ಹೊರಬೀಳುತ್ತದೆ. 200ರಲ್ಲಿ 60 ಆರ್ಡರ್‌ಗಳಲ್ಲಿ ಮಾಹಿತಿ ಅರೆಬರೆಯಾಗಿತ್ತು; ಅವು ಸರಾಸರಿ 11 ಗಂಟೆ ತೆಗೆದುಕೊಂಡವು, ಅಂದರೆ ಮರುದಿನಕ್ಕೆ ಹೋದವು. ಉಳಿದ 140 ಆರ್ಡರ್‌ಗಳಿಗೆ ಹಿಡಿದದ್ದು 3 ಗಂಟೆ. ಭಾರತದಲ್ಲಿ ಸಾಮಾನ್ಯವಾಗಿ 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಸರಕು ಸಾಗಿಸಲು ಇ-ವೇ ಬಿಲ್ ಬೇಕು. ಸರಕು ತಲುಪುವ ಸ್ಥಳದ ಪಿನ್‌ಕೋಡ್ ಅಥವಾ ಪಡೆಯುವ ವ್ಯಾಪಾರಿಯ ಜಿಎಸ್‌ಟಿ ಸಂಖ್ಯೆ ತಪ್ಪಿದ್ದರೆ ಕೆಲಸ ಅಲ್ಲಿಗೇ ನಿಂತು, ಗ್ರಾಹಕರಿಗೆ ಫೋನ್ ಮಾಡಿ ಕಾಯಬೇಕಾಗುತ್ತದೆ.

ಸರಿಯಾಗಿದ್ದ ಆರ್ಡರ್‌ಗಳಿಗೂ 3 ಗಂಟೆ ಏಕೆ? ಪ್ರತಿ ಹಂತದ ಹೊತ್ತನ್ನು ಪಕ್ಕಪಕ್ಕದಲ್ಲಿ ಬರೆದರೆ ಎರಡನೆಯ ಕಾರಣ ಕಾಣುತ್ತದೆ. ಗ್ರಾಹಕರ ಬಾಕಿ ನೋಡಿ ಒಪ್ಪಿಗೆ ಕೊಡುವ ಲೆಕ್ಕಪತ್ರ ಅಧಿಕಾರಿ ದಿನಕ್ಕೆ ಎರಡೇ ಸಲ, 11 ಗಂಟೆಗೆ ಮತ್ತು 4 ಗಂಟೆಗೆ, ಪಟ್ಟಿಯನ್ನು ತೆರೆಯುತ್ತಾರೆ. 11.15ಕ್ಕೆ ಬಂದ ಆರ್ಡರ್ 4ರವರೆಗೆ ಸುಮ್ಮನೆ ಕೂರುತ್ತದೆ. ಇದು ಊಹೆಯಲ್ಲವೆಂದು ತಿಳಿಯಲು, 11ಕ್ಕೆ ಸ್ವಲ್ಪ ಮುಂಚೆ ಬಂದವುಗಳನ್ನೂ ಸ್ವಲ್ಪ ಆಮೇಲೆ ಬಂದವುಗಳನ್ನೂ ಹೋಲಿಸಿದರೆ ಸಾಕು.

ಕಾರಣ ಖಚಿತವಾದ ಮೇಲೆ ಸುಧಾರಣೆ ಕಷ್ಟವಲ್ಲ. ಆರ್ಡರ್ ಕೊಡಲು ಒಂದೇ ನಮೂನೆ ಇಟ್ಟು, ಪಿನ್‌ಕೋಡ್ ಮತ್ತು ಜಿಎಸ್‌ಟಿ ಸಂಖ್ಯೆ ತುಂಬದಿದ್ದರೆ ಅದು ಮುಂದೆ ಹೋಗದಂತೆ ಮಾಡಬಹುದು. ಸಾಲದ ಮಿತಿಯೊಳಗಿದ್ದು, ಹಳೆಯ ಬಾಕಿ ಇಲ್ಲದ ಗ್ರಾಹಕರ ಆರ್ಡರಿಗೆ ತಾನಾಗಿ ಒಪ್ಪಿಗೆ ಸಿಗುವಂತೆ ಮಾಡಿ, ಉಳಿದವನ್ನಷ್ಟೇ ಅಧಿಕಾರಿಗೆ ಕಳಿಸಬಹುದು. ಆದರೆ ಎಲ್ಲ ಕಡೆ ಜಾರಿಗೆ ತರುವ ಮೊದಲು ಒಂದು ಶಾಖೆಯಲ್ಲಿ ಎರಡು ವಾರ ಪರೀಕ್ಷಿಸಬೇಕು. ಸಮಯದ ಜೊತೆಗೆ ತಪ್ಪು ವಿಳಾಸ, ವಸೂಲಾಗದ ಬಾಕಿ ಹೆಚ್ಚಿತೇ ಎಂದೂ ನೋಡಬೇಕು. ಅವು ಹೆಚ್ಚಿದ್ದರೆ ಉಳಿಸಿದ ಸಮಯಕ್ಕೆ ಬೇರೆ ಕಡೆ ಬೆಲೆ ತೆತ್ತಂತೆ.

ಹೆಚ್ಚಿನ ಯೋಜನೆಗಳು ಜಾರುವುದು ಕೊನೆಯ ಹಂತದಲ್ಲಿ. ಹಳೆಯ ಗ್ರಾಹಕರು ‘ಫೋನಿನಲ್ಲೇ ಬರೆದುಕೊಳ್ಳಿ’ ಎಂದಾಗ ಗುಮಾಸ್ತರು ಇಲ್ಲ ಎನ್ನಲಾರರು. ಅರೆಬರೆ ಆರ್ಡರ್‌ಗಳು ಮತ್ತೆ ಒಳಬರುತ್ತವೆ. ಇದನ್ನು ಹಿಡಿಯಲು ನಿಯಂತ್ರಣ ನಕ್ಷೆ ಇದೆ. ದಿನದ ಸರಾಸರಿಯನ್ನು ಚುಕ್ಕೆಯಾಗಿ ಗುರುತಿಸಿ, ನಡುವೆ ಒಟ್ಟು ಸರಾಸರಿಯ ಗೆರೆ, ಮೇಲೂ ಕೆಳಗೂ ಅಂಕಿಗಳ ಸಹಜ ಏರಿಳಿತದಿಂದ ಲೆಕ್ಕ ಹಾಕಿದ ಮಿತಿಗೆರೆಗಳನ್ನು ಎಳೆಯುತ್ತಾರೆ. ಮಿತಿಯೊಳಗಿನ ಸಣ್ಣ ಏರಿಳಿತಕ್ಕೆ ಯಾರನ್ನೂ ಪ್ರಶ್ನಿಸಬೇಕಿಲ್ಲ. ಚುಕ್ಕೆ ಮೇಲಿನ ಗೆರೆಯನ್ನು ದಾಟಿದರೆ, ಅಥವಾ ಸತತ 8 ಚುಕ್ಕೆಗಳು ನಡುಗೆರೆಯ ಮೇಲೆಯೇ ಬಿದ್ದರೆ, ಏನೋ ಬದಲಾಗಿದೆ ಎಂದರ್ಥ. ಆಗ ಯಾರು, ಏನನ್ನು ಮೊದಲು ಪರಿಶೀಲಿಸಬೇಕು ಎಂಬುದು ನಕ್ಷೆಯ ಕೆಳಗೇ ಬರೆದಿರಬೇಕು. ನಕ್ಷೆಯನ್ನು ದಿನವೂ ನೋಡುವ ಹೊಣೆ ಯೋಜನೆಯ ತಂಡದಿಂದ ಶಾಖೆಯ ವ್ಯವಸ್ಥಾಪಕರ ಕೈಗೆ ಸೇರಿದಾಗ ಯೋಜನೆ ಮುಗಿಯುತ್ತದೆ.