ಬಳ್ಳಿಯೊಳಗಿನ ಬರಹ ಓದುವ ಬಗೆ

ಕಲಬುರಗಿಯ ಜಗತ್ ಸರ್ಕಲ್‌ನಿಂದ ಹೊರಟು ಕಮಲಾಪುರ, ಹುಮನಾಬಾದ್ ದಾಟಿ ಬೀದರ್ ಸೇರುವ ರಸ್ತೆಯ ಎರಡೂ ತುದಿಗಳಲ್ಲಿ ಬಹಮನಿ ಸುಲ್ತಾನರ ಕಾಲದ ಕಟ್ಟಡಗಳಿವೆ. ಈ ತುದಿಯಲ್ಲಿ ಹಫ್ತ್ ಗುಂಬಜ್, 1367ರಲ್ಲಿ ಕಟ್ಟಿದ ಕೋಟೆಯೊಳಗಿನ ಜಾಮಿಯಾ ಮಸೀದಿ, ಖ್ವಾಜಾ ಬಂದೇನವಾಜ್ ದರ್ಗಾ. ಆ ತುದಿಯಲ್ಲಿ ಅಷ್ಟೂರಿನ ಗೋರಿಗಳು, ಖಲೀಲುಲ್ಲಾ ಚೌಖಂಡಿ, ಮಹಮೂದ್ ಗವಾನನ ಮದರಸಾ. ನೋಡಲು ಬಂದವರು ಅಲ್ಲಿನ ಅಲಂಕೃತ ಬರಹಗಳನ್ನು ಫೋನಿನಲ್ಲಿ ಸೆರೆಹಿಡಿಯುತ್ತಾರೆ. ಕೊಲ್ಲಿ ದೇಶಗಳಲ್ಲಿ ದುಡಿಯುವ ಮಕ್ಕಳಿಗೆ, ಗೆಳೆಯರಿಗೆ ಆ ಚಿತ್ರ ಹೋಗುತ್ತದೆ. ಇದನ್ನು ಅರಬ್ಬಿಯಲ್ಲಿ ಬರೆದು ಕೊಡಿ ಎಂಬ ಕೋರಿಕೆಯೂ ಜೊತೆಗಿರುತ್ತದೆ.

ಅನುವಾದಕ್ಕೆ ಕೈ ಹಾಕುವ ಮೊದಲು ಆಗಬೇಕಾದದ್ದು ಓದು. ಬಳ್ಳಿ, ಹೂವು, ಸುರುಳಿಗಳ ನಡುವೆ ಹೆಣೆದುಕೊಂಡ ಆ ಗೆರೆಗಳಲ್ಲಿ ಯಾವುದು ಅಕ್ಷರ, ಯಾವುದು ಅಲಂಕಾರ, ಬರಹ ಯಾವ ಭಾಷೆಯದು ಎಂಬುದು ಗೊತ್ತಾಗಬೇಕು. ಎಷ್ಟೋ ಸಲ ಓದು ಮುಗಿದಾಗ ಅನುವಾದದ ಅಗತ್ಯವೇ ಉಳಿಯುವುದಿಲ್ಲ. ಬರಹ ಮೊದಲಿನಿಂದಲೂ ಅರಬ್ಬಿಯೇ ಆಗಿರುತ್ತದೆ. ಅದನ್ನು ಅಲಂಕಾರದಿಂದ ಬಿಡಿಸಿ ಸಾದಾ ಲಿಪಿಯಲ್ಲಿ ಬರೆದರೆ ಸಾಕು.

ನಮ್ಮ ಭಾಗದ ಗೋಡೆಗಳಲ್ಲಿ ಹೆಚ್ಚಾಗಿ ಕಾಣುವ ಶೈಲಿ ಸುಲುಸ್. ಉದ್ದನೆಯ ನೇರ ಗೆರೆಗಳು, ಅಗಲವಾದ ಬಾಗು, ಒಂದರ ಮೇಲೊಂದು ಏರಿದ ಪದಗಳು ಇದರ ಗುರುತು. ಓದುವವರು ಮೊದಲು ನೇರ ಗೆರೆಗಳನ್ನು ಎಣಿಸುತ್ತಾರೆ. ಅವು ಹೆಚ್ಚಾಗಿ ಅಲಿಫ್ ಅಥವಾ ಲಾಮ್ ಅಕ್ಷರಗಳಾಗಿರುತ್ತವೆ. ಅಲಿಫ್ ತನ್ನ ಎಡಗಡೆಯ ಅಕ್ಷರಕ್ಕೆ ಕೂಡುವುದಿಲ್ಲ, ಲಾಮ್ ಕೂಡುತ್ತದೆ. ಇವೆರಡೂ ಪಕ್ಕಪಕ್ಕದಲ್ಲಿ ಮತ್ತೆ ಮತ್ತೆ ಬಂದರೆ ಅರಬ್ಬಿಯ ‘ಅಲ್’ ಸಿಕ್ಕಿತೆಂದು ಲೆಕ್ಕ. ಪದಗಳು ಅಲ್ಲಿಂದ ಬಿಡಿಸಿಕೊಳ್ಳತೊಡಗುತ್ತವೆ.

ಓದು ಸಾಮಾನ್ಯವಾಗಿ ಬಲಗಡೆಯ ಕೆಳಮೂಲೆಯಿಂದ ಶುರುವಾಗಿ ಮೇಲಕ್ಕೆ ಏರುತ್ತದೆ. ಆದರೆ ಅಲ್ಲಾಹನ ಹೆಸರನ್ನು ಗೌರವಕ್ಕಾಗಿ ಎಲ್ಲಕ್ಕಿಂತ ಮೇಲೆ ಇಡುವ ರೂಢಿಯಿದೆ. ವಾಕ್ಯದಲ್ಲಿ ಅದು ನಡುವೆ ಬರಬೇಕಾದ ಪದವಿರಬಹುದು. ಕಣ್ಣಿಗೆ ಬಿದ್ದ ಕ್ರಮದಲ್ಲೇ ಓದಿದರೆ ವಾಕ್ಯ ತಲೆಕೆಳಗಾಗುತ್ತದೆ. ಖಾಲಿ ಜಾಗ ತುಂಬಲು ಕಾತಿಬರು, ಅಂದರೆ ಬರೆಯುವ ಕಲಾವಿದರು, ಹಾಕಿದ ಪುಟ್ಟ ಗುರುತುಗಳೂ ಇರುತ್ತವೆ. ಅವಕ್ಕೆ ಉಚ್ಚಾರವಿಲ್ಲ. ಆದ್ದರಿಂದ ಅನುಭವಿಗಳು ಒಂದು ಹಾಳೆಯಲ್ಲಿ ಮೊದಲು ಅಕ್ಷರಗಳ ಎಲುಬನ್ನಷ್ಟೇ, ಚುಕ್ಕೆಗಳಿಲ್ಲದೆ, ಬರೆದುಕೊಳ್ಳುತ್ತಾರೆ. ಯಾವ ಚುಕ್ಕೆ ಯಾವ ಅಕ್ಷರಕ್ಕೆ ಸೇರಿದ್ದು ಎಂಬುದನ್ನು ಆಮೇಲೆ ತೀರ್ಮಾನಿಸುತ್ತಾರೆ.

ದೊಡ್ಡ ಅಪಾಯವಿರುವುದು ಈ ಚುಕ್ಕೆಗಳಲ್ಲೇ. ಕನ್ನಡದಲ್ಲಿ ಪ ಮತ್ತು ಷ ಅಕ್ಷರಗಳ ನಡುವೆ ಇರುವುದು ಒಂದೇ ಗೆರೆಯ ಅಂತರ. ಅರಬ್ಬಿಯಲ್ಲಿ ಪದದ ಮೊದಲಲ್ಲಿ ಅಥವಾ ನಡುವೆ ಬಂದಾಗ ಬ, ತ, ನ, ಯ ನಾಲ್ಕಕ್ಕೂ ಒಂದೇ ಆಕಾರ: ಒಂದು ಪುಟ್ಟ ಹಲ್ಲು. ಕೆಳಗೆ ಒಂದು ಚುಕ್ಕೆಯಿದ್ದರೆ ಬ, ಎರಡಿದ್ದರೆ ಯ. ಮೇಲೆ ಒಂದಿದ್ದರೆ ನ, ಎರಡಿದ್ದರೆ ತ. ಸುಲುಸ್ ಶೈಲಿಯಲ್ಲಿ ಕಾತಿಬರು ಅಂದಕ್ಕಾಗಿ ಚುಕ್ಕೆಯನ್ನು ತುಸು ಆಚೆ ಸರಿಸುತ್ತಾರೆ. ಗಾರೆ ಉದುರಿದರೆ ಅದು ಮಾಯವಾಗುತ್ತದೆ. ಮುಂದೆ ಯಾರೋ ಬಣ್ಣ ಬಳಿಯುವಾಗ ತಪ್ಪು ಜಾಗದಲ್ಲಿ ಹೊಸದಾಗಿ ಹುಟ್ಟಿಕೊಳ್ಳುವುದೂ ಉಂಟು.

ಓದಿದ್ದು ಸರಿಯೇ ಎಂದು ಪರೀಕ್ಷಿಸಲು ಬೀದರಿನ ಮದರಸಾ ಒಳ್ಳೆಯ ಪಾಠ ಕೊಡುತ್ತದೆ. ಬಹಮನಿ ವಜೀರ ಮಹಮೂದ್ ಗವಾನ್ ಕಟ್ಟಿಸಿದ ಈ ವಿದ್ಯಾಕೇಂದ್ರ ಮುಗಿದ ವರ್ಷವನ್ನು ಹೇಳುವ ಮೂರು ಪದಗಳ ಅರಬ್ಬಿ ಪ್ರಾರ್ಥನೆಯೊಂದು ಇತಿಹಾಸಕಾರರ ಮೂಲಕ ಉಳಿದುಬಂದಿದೆ. ನಮ್ಮ ಈ ಕೆಲಸವನ್ನು ಒಪ್ಪಿಕೋ ಎಂದು ದೇವರನ್ನು ಬೇಡುವ, ಕುರಾನಿನಿಂದಲೇ ಆರಿಸಿಕೊಂಡ ಪದಗಳವು. ಅಬ್ಜದ್ ಪದ್ಧತಿಯಲ್ಲಿ ಪ್ರತಿ ಅರಬ್ಬಿ ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ‘ಬಿಸ್ಮಿಲ್ಲಾ’ ವಾಕ್ಯದ ಬದಲು ಆಟೊ, ಅಂಗಡಿಗಳ ಮೇಲೆ ಬರೆಯುವ 786 ಕೂಡ ಇದೇ ಲೆಕ್ಕದಿಂದ ಬಂದದ್ದು.

ಪ್ರಾರ್ಥನೆಯ ಮೊದಲ ಪದ ‘ರಬ್ಬನಾ’. ರ 200, ಬ 2, ನ 50, ಅಲಿಫ್ 1, ಒಟ್ಟು 253. ಎರಡನೆಯ ಪದ ‘ತಕಬ್ಬಲ್’. ತ 400, ಕಾಫ್ 100, ಬ 2, ಲಾಮ್ 30; ಒಟ್ಟು 532. ಮೂರನೆಯದು ‘ಮಿನ್ನಾ’. ಮೀಮ್ 40, ನ 50, ಅಲಿಫ್ 1, ಒಟ್ಟು 91. ಮೂರನ್ನೂ ಕೂಡಿದರೆ ಹಿಜರಿ 876, ಅಂದರೆ ಕ್ರಿ.ಶ. 1471–72.

ಈಗ ಈ ಪದಗಳೇ ಸುಲುಸ್ ಶೈಲಿಯ ಬಳ್ಳಿಯಲ್ಲಿ ಹೆಣೆದುಕೊಂಡಿವೆ, ಎರಡನೆಯ ಪದದ ಮೊದಲ ಹಲ್ಲಿನ ಮೇಲೆ ಒಂದೇ ಚುಕ್ಕೆ ಉಳಿದಿದೆ ಎಂದುಕೊಳ್ಳಿ. ಅದು ತ ಬದಲು ನ ಆಗುತ್ತದೆ. ‘ನಾವು ಒಪ್ಪುತ್ತೇವೆ’ ಎಂಬ ಅರ್ಥ ಕೊಡುವ ಸರಿಯಾದ ಅರಬ್ಬಿ ಪದವೇ ಅದು. ಹಾಗಾಗಿ ಓದುಗನಿಗೆ ಅನುಮಾನವೇ ಬರುವುದಿಲ್ಲ. ಆದರೆ 400ರ ಜಾಗದಲ್ಲಿ 50 ಬಂದು ಮೊತ್ತ 526ಕ್ಕೆ ಇಳಿಯುತ್ತದೆ. ಆ ಹಿಜರಿ ವರ್ಷ ಕ್ರಿ.ಶ. 1131–32. ಬಹಮನಿ ರಾಜ್ಯ ಹುಟ್ಟಿದ್ದೇ 1347ರಲ್ಲಿ. ಓದು ತಪ್ಪಿದ್ದು ಅಂಕಿಯಿಂದಲೇ ಬಯಲಾಗುತ್ತದೆ.

ಕಿವಿಯನ್ನು ನಂಬಿದರೂ ಲೆಕ್ಕ ತಪ್ಪುತ್ತದೆ. ‘ರಬ್ಬನಾ’ ಎನ್ನುವಾಗ ಎರಡು ಬ ಕೇಳಿಸಿದರೂ ಬರಹದಲ್ಲಿರುವುದು ಒಂದೇ ಬ, ಅದರ ಮೇಲೆ ದ್ವಿತ್ವದ ಪುಟ್ಟ ಗುರುತು. ಒತ್ತಕ್ಷರ ಬರೆದು ರೂಢಿಯಿರುವ ಕನ್ನಡಿಗರು ಇಲ್ಲಿ ಎಡವುವುದು ಸಹಜ. ಮೂರೂ ಪದಗಳಲ್ಲಿ ಹೀಗೆ ಕೇಳಿಸಿದಂತೆ ಎಣಿಸಿದರೆ ಮೊತ್ತ 930 ಆಗಿ, ವರ್ಷ 1523–24ಕ್ಕೆ ಜಾರುತ್ತದೆ. ಗವಾನನನ್ನು 1481ರಲ್ಲೇ ಕೊಲ್ಲಲಾಗಿತ್ತು. ಅಬ್ಜದ್‌ನಲ್ಲಿ ಲೆಕ್ಕಕ್ಕೆ ಬರುವುದು ಬರೆದ ಅಕ್ಷರ ಮಾತ್ರ.

ಎಲ್ಲ ಬರಹದಲ್ಲೂ ಇಂಥ ಅಂಕಿಯ ಕಾವಲು ಇರುವುದಿಲ್ಲ. ಕುರಾನಿನ ವಾಕ್ಯವಾದರೆ ಮುದ್ರಿತ ಪ್ರತಿಯೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಬಹುದು. ಫಾರ್ಸಿ ಅಥವಾ ಉರ್ದು ಪದ್ಯವಾದರೆ ಆ ಆಸರೆ ಸಿಗದು. ಅರಬ್ಬಿಯಲ್ಲಿಲ್ಲದ ಪ, ಚ, ಗ ಅಕ್ಷರಗಳು ಆ ಭಾಷೆಗಳಲ್ಲಿವೆ. ಹಳೆಯ ಬರಹಗಾರರು ಗ ಅಕ್ಷರದ ಮೇಲ್ಗೆರೆಯನ್ನು ಬಿಟ್ಟು ಕ ಎಂದೇ ಬರೆಯುತ್ತಿದ್ದುದೂ ಉಂಟು. ಊರ ಹೆಸರುಗಳಿಗೂ ಎಚ್ಚರ ಬೇಕು. ಬಹಮನಿ ನಾಣ್ಯಗಳಲ್ಲಿ ಕಲಬುರಗಿ ‘ಅಹಸನಾಬಾದ್’, ಬೀದರ್ ‘ಮುಹಮ್ಮದಾಬಾದ್’. ಇವು ಊರುಗಳೆಂದು ತಿಳಿಯದೆ ಅರ್ಥ ಬಿಡಿಸಿ ಅನುವಾದಿಸಿದರೆ ಊರೇ ಕಳೆದುಹೋಗುತ್ತದೆ.

ಉಳಿದ ತೊಂದರೆ ಫೋಟೊದ್ದು. ಎತ್ತರದ ಬರಹವನ್ನು ಕೆಳಗೆ ನಿಂತು ತೆಗೆದರೆ ನೇರ ಗೆರೆಗಳು ಕುಗ್ಗಿ, ಮೇಲಿನ ಸಾಲಿನ ಚುಕ್ಕೆ ಕೆಳಗಿನ ಸಾಲಿಗೆ ಸೇರಿದಂತೆ ಕಾಣುತ್ತದೆ. ಮದರಸಾದ ಮೆರುಗಿನ ಬಿಲ್ಲೆಗಳ ಮೇಲೆ ಫ್ಲ್ಯಾಶ್ ಬಿದ್ದರೆ ಬಿಳಿ ಕಲೆಯೊಂದೇ ಉಳಿಯುತ್ತದೆ. ಚೌಖಂಡಿಯ ಕಲ್ಲಿನ ಕೆತ್ತನೆಗೆ ಓರೆಯಾಗಿ ಬೀಳುವ ಬಿಸಿಲು ಒಳ್ಳೆಯದು, ಅಕ್ಷರದ ಅಂಚು ಎದ್ದು ಕಾಣುತ್ತದೆ. ಶಿರಾಜಿನ ಕಾತಿಬ ಮುಗೀಸ್ ತನ್ನ ಹೆಸರನ್ನು ಬಿಟ್ಟುಹೋಗಿರುವುದು ಆ ಕಲ್ಲಿನಲ್ಲೇ.

ಕೆಲವು ಜಾಗದಲ್ಲಿ ಓದಲು ಏನೂ ಉಳಿದಿಲ್ಲ. 17ನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದು ಸ್ಫೋಟಗೊಂಡು ಮದರಸಾದ ಮುಂಭಾಗದ ದೊಡ್ಡ ಪಾಲು, ಅದರ ಬರಹದೊಡನೆ, ಉರುಳಿತು. ಅಂಥ ಕಡೆ ಊಹಿಸಿದ ಅಕ್ಷರವನ್ನು ಆವರಣದಲ್ಲಿ ಹಾಕಿ, ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರ್ಪಡಿಸಿ ಬರೆಯುವುದು ಶಾಸನ ಓದುವವರ ನಿಯಮ.

ನೀವು ಅಲ್ಲಿಗೆ ಹೋದಾಗ ಬರಹದ ಒಂದೇ ಚಂದದ ಚಿತ್ರಕ್ಕೆ ತೃಪ್ತರಾಗಬೇಡಿ. ಇಡೀ ಸಾಲಿನದೊಂದು, ಬಲದಿಂದ ಎಡಕ್ಕೆ ಒಂದರೊಳಗೊಂದು ಸೇರುವಂತೆ ತುಣುಕು ತುಣುಕಾಗಿ ಕೆಲವು ಚಿತ್ರಗಳನ್ನು ತೆಗೆಯಿರಿ. ಸ್ಥಳ, ದಿನಾಂಕ ಬರೆದಿಡಿ. ಅಕ್ಷರ ಕಾಣಲೆಂದು ಸುಣ್ಣ ಸವರುವುದಾಗಲಿ, ಸೀಮೆಸುಣ್ಣ ತೀಡುವುದಾಗಲಿ ಮಾಡಬೇಡಿ. ಅನುವಾದ ಕೇಳುವಾಗ ಸಾದಾ ಲಿಪಿಯ ಪಾಠವನ್ನೂ ಕೇಳಿ ಪಡೆಯಿರಿ. ಆ ಪಾಠ ಜೊತೆಗಿಲ್ಲದ ಅನುವಾದವನ್ನು ಪರೀಕ್ಷಿಸುವ ದಾರಿ ಯಾರಿಗೂ ಇರುವುದಿಲ್ಲ.