ರಜೆ ಇಲ್ಲ ಅಂದ ಮೇಲ್‌ಗೆ ಉತ್ತರ ಹೀಗಿರಲಿ

ತಂಗಿ ಮದುವೆಗೆ ನೀವು ರಜೆ ಕೇಳಿದ್ದು ಮಾರ್ಚ್ 27ರಿಂದ 31ರವರೆಗೆ. ಮ್ಯಾನೇಜರ್ ಉತ್ತರ: ‘ವರ್ಷಾಂತ್ಯದ ಲೆಕ್ಕ ಇದೆ, ರಜೆ ಕೊಡಲಾಗದು.’

ಅವರಿಗೆ ಕಷ್ಟವಿರುವುದು ಕೊನೆಯ ಎರಡು ದಿನದ್ದು. ನಿಮ್ಮ ಉತ್ತರ ಅದನ್ನೇ ಬಗೆಹರಿಸಲಿ:

‘ಸರ್, ನಮಸ್ಕಾರ. ವರ್ಷಾಂತ್ಯದ ಒತ್ತಡ ಅರ್ಥವಾಯಿತು. 28ಕ್ಕೆ ತಂಗಿಯ ಮದುವೆ. 27, 28 ಎರಡೇ ದಿನ ರಜೆ ಕೊಡಬಹುದೇ? ಬಾಕಿ ಬಿಲ್ಲುಗಳನ್ನು 26ರ ಸಂಜೆಯೊಳಗೆ ಮುಗಿಸುತ್ತೇನೆ. 30, 31 ಆಫೀಸಿನಲ್ಲೇ ಇರುತ್ತೇನೆ. ಟಿಕೆಟ್ ಮಾಡಿಸಬೇಕು, ಶುಕ್ರವಾರದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.’

ಅದೇ ಮೇಲ್‌ಗೆ ರಿಪ್ಲೈ ಮಾಡಿ, ಹಿಂದಿನ ಮಾತೆಲ್ಲ ಒಂದೇ ಕಡೆ ಇರುತ್ತದೆ. ಎಚ್‌ಆರ್‌ನವರನ್ನು ಈಗಲೇ ಸಿಸಿಗೆ ಸೇರಿಸಬೇಡಿ, ದೂರು ಕೊಟ್ಟಂತೆ ಕಾಣುತ್ತದೆ. ಒಪ್ಪಿದರೆ, ಹೊಸ ತಾರೀಖು ಹಾಕಿ ರಜೆ ಅರ್ಜಿ ಮತ್ತೆ ಸಲ್ಲಿಸಿ.