ಕೊಂಡಿ ಕಳೆದುಕೊಳ್ಳದೆ ಪಟ್ಟಿ ತಿರುಗಿಸುವುದು

ಸಾಫ್ಟ್‌ವೇರ್ ಕೆಲಸದ ಸಂದರ್ಶನಕ್ಕೆ ತಯಾರಾಗುವವರು ಸಾಮಾನ್ಯವಾಗಿ ಅಭ್ಯಾಸ ಮಾಡುವ ಎರಡು ಪ್ರಶ್ನೆಗಳಿವೆ. ಲಿಂಕ್ಡ್ ಲಿಸ್ಟ್ ಒಂದನ್ನು ಮೂರು ಮೂರರ ಗುಂಪುಗಳಾಗಿ ತಿರುಗಿಸಿ ಎನ್ನುವುದು ಒಂದು. ಲಿಸ್ಟನ್ನು ಮುಂದಿನಿಂದ ಓದಿದರೂ ಹಿಂದಿನಿಂದ ಓದಿದರೂ ಒಂದೇ ಬರುತ್ತದೆಯೇ, ಅಂದರೆ ಅದು ಪ್ಯಾಲಿಂಡ್ರೋಮ್ ಹೌದೇ ಎನ್ನುವುದು ಇನ್ನೊಂದು. ಎಷ್ಟೋ ಜನ ಎರಡನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡುತ್ತಾರೆ. ಅದು ವ್ಯರ್ಥ ಶ್ರಮ. ಎರಡರ ಒಳಗೂ ಇರುವುದು ಕೆಲವೇ ಸಾಲುಗಳ ಒಂದೇ ಕೆಲಸ.

ಮೊದಲು ಲಿಸ್ಟ್ ಹೇಗಿರುತ್ತದೆ ನೋಡೋಣ. ನಿಧಿ ಹುಡುಕುವ ಆಟದಲ್ಲಿ ಒಂದು ಚೀಟಿ ಸಿಕ್ಕರೆ ಮುಂದಿನ ಚೀಟಿ ಎಲ್ಲಿದೆ ಎಂದು ಅದರಲ್ಲೇ ಬರೆದಿರುತ್ತದಲ್ಲ, ಲಿಂಕ್ಡ್ ಲಿಸ್ಟ್ ಕೂಡ ಹಾಗೆಯೇ. ಪ್ರತಿ ನೋಡ್‌ನಲ್ಲಿ ಒಂದು ಬೆಲೆ ಇರುತ್ತದೆ, ಜೊತೆಗೆ ಮುಂದಿನ ನೋಡ್ ಕಂಪ್ಯೂಟರಿನ ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸವಿರುತ್ತದೆ. ಕೊನೆಯ ನೋಡ್‌ನ ವಿಳಾಸ ಖಾಲಿ. ಪೈಥಾನ್ ಭಾಷೆಯಲ್ಲಿ ಅದನ್ನು `None` ಎಂದು ಬರೆಯುತ್ತಾರೆ. 1950ರ ದಶಕದ ಮಧ್ಯದಲ್ಲಿ ಅಮೆರಿಕದ ಅಲೆನ್ ನ್ಯೂವೆಲ್, ಕ್ಲಿಫ್ ಶಾ ಮತ್ತು ಹರ್ಬರ್ಟ್ ಸೈಮನ್ ತರ್ಕದ ಪ್ರಮೇಯಗಳನ್ನು ಸಾಧಿಸುವ ಪ್ರೋಗ್ರಾಂ ಬರೆಯಲು ಈ ರಚನೆಯನ್ನು ಬಳಸಿದರು. ಇದರಲ್ಲಿ ಮುಂದಕ್ಕೆ ಹೋಗಬಹುದೇ ಹೊರತು ಹಿಂದಕ್ಕೆ ಬರಲು ದಾರಿಯಿಲ್ಲ. ಐದನೇ ನೋಡ್‌ನಲ್ಲಿ ನಿಂತವನಿಗೆ ನಾಲ್ಕನೆಯದು ಎಲ್ಲಿತ್ತೆಂದು ತಿಳಿಯುವುದಿಲ್ಲ. ಇಂದಿನ ಎರಡೂ ಪ್ರಶ್ನೆಗಳು ಕಷ್ಟವಾಗುವುದು ಇದೇ ಕಾರಣಕ್ಕೆ.

ಲಿಸ್ಟ್ ತಿರುಗಿಸಲು ಬೆಲೆಗಳನ್ನು ಅತ್ತಿತ್ತ ಸಾಗಿಸಬೇಕಿಲ್ಲ. ಪ್ರತಿ ನೋಡ್‌ನ ವಿಳಾಸವನ್ನು ಅಳಿಸಿ, ಅದರ ಹಿಂದಿದ್ದ ನೋಡ್‌ನ ವಿಳಾಸ ಬರೆದರೆ ಸಾಕು:

```python
def reverse(head, end):
    prev, cur = end, head
    while cur is not end:
        nxt = cur.next
        cur.next = prev
        prev = cur
        cur = nxt
    return prev
```

`nxt = cur.next` ಎಂಬ ಸಾಲನ್ನು ಗಮನಿಸಿ. ಹಳೆಯ ವಿಳಾಸವನ್ನು ಅಳಿಸುವ ಮೊದಲು ಬೇರೆ ಕಡೆ ಬರೆದಿಟ್ಟುಕೊಳ್ಳುವುದು ಇಲ್ಲೇ. ಇದನ್ನು ಮರೆತರೆ ಉಳಿದ ಲಿಸ್ಟ್ ಮೆಮೊರಿಯಲ್ಲಿ ಇದ್ದರೂ ಅಲ್ಲಿಗೆ ಹೋಗುವ ದಾರಿ ಇರುವುದಿಲ್ಲ. ಇನ್ನೊಂದು ವಿಷಯ `end`. ತಿರುಗಿಸುವ ಕೆಲಸ ಯಾವ ನೋಡ್ ಬಂದಾಗ ನಿಲ್ಲಬೇಕು ಎಂಬುದನ್ನು ಅದು ಹೇಳುತ್ತದೆ. `end` ಜಾಗದಲ್ಲಿ `None` ಕೊಟ್ಟರೆ ಪೂರ್ತಿ ಲಿಸ್ಟ್ ತಿರುಗುತ್ತದೆ, ನಡುವಿನ ನೋಡ್ ಒಂದನ್ನು ಕೊಟ್ಟರೆ ಅದಕ್ಕಿಂತ ಮುಂಚಿನ ಭಾಗ ಮಾತ್ರ ತಿರುಗಿ, ಅದರ ಬಾಲ ಆ ನೋಡ್‌ಗೆ ಅಂಟಿಕೊಳ್ಳುತ್ತದೆ.

ಈಗ 1, 2, 3, 4, 5, 6, 7, 8 ಎಂಬ ಲಿಸ್ಟನ್ನು ಮೂರು ಮೂರಾಗಿ ತಿರುಗಿಸೋಣ. ಮೊದಲು ಮೂರು ನೋಡ್ ಎಣಿಸಿ ಮುಂದೆ ಹೋದರೆ 4 ಸಿಗುತ್ತದೆ, ಅದೇ `end`. ತಿರುಗಿಸಿದಾಗ 3→2→1→4 ಆಗುತ್ತದೆ. ಮತ್ತೆ ಮೂರು ಎಣಿಸಿದರೆ `end` ಎಂದರೆ 7. ಎರಡನೇ ಗುಂಪು 6→5→4→7 ಆಗುತ್ತದೆ. ಎಲ್ಲ ಸರಿಯಾಗಿದೆ ಎನಿಸುವುದು ಇಲ್ಲೇ, ಕೆಡುವುದೂ ಇಲ್ಲೇ. ಮೊದಲ ಗುಂಪಿನ ಬಾಲವಾದ 1 ಇನ್ನೂ 4ನ್ನೇ ತೋರಿಸುತ್ತಿದೆ, ಆದರೆ 4 ಈಗ ಎರಡನೇ ಗುಂಪಿನ ತಲೆಯಲ್ಲ, ಬಾಲ. ಹಾಗೇ ಬಿಟ್ಟು ಲಿಸ್ಟ್ ಓದಿದರೆ 3, 2, 1, 4, 7, 8 ಎಂದು ಬರುತ್ತದೆ. 6 ಮತ್ತು 5 ಸದ್ದಿಲ್ಲದೆ ಮಾಯ. ಪ್ರೋಗ್ರಾಂ ನಿಲ್ಲುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಅದಕ್ಕೇ ಇಂಥ ತಪ್ಪು ಎಷ್ಟೋ ದಿನ ಬಚ್ಚಿಟ್ಟುಕೊಂಡಿರುತ್ತದೆ. ಕೆಲಸಕ್ಕೆ ಮುಂಚೆ ಎಷ್ಟು ನೋಡ್‌ಗಳಿದ್ದವು, ಆಮೇಲೆ ಎಷ್ಟಿವೆ ಎಂದು ಎಣಿಸುವುದು ಇದನ್ನು ಹಿಡಿಯುವ ಸುಲಭ ಉಪಾಯ. ಎಂಟು ಇದ್ದದ್ದು ಆರಾಗಿದ್ದರೆ ಗುಂಪುಗಳ ನಡುವಿನ ಕೊಂಡಿಯನ್ನೇ ನೋಡಬೇಕು.

ಪರಿಹಾರ ಒಂದೇ ಸಾಲಿನದು. ಪ್ರತಿ ಗುಂಪನ್ನು ತಿರುಗಿಸಿದ ಮೇಲೆ ಅದರ ಹಿಂದಿನ ಗುಂಪಿನ ಬಾಲಕ್ಕೆ ಹೊಸ ತಲೆಯ ವಿಳಾಸ ಕೊಡಬೇಕು; ಇಲ್ಲಿ 1ರಿಂದ 6ಕ್ಕೆ. ಬಾಲ ಯಾವುದು ಎಂದು ಹುಡುಕಿಕೊಂಡು ಹೋಗಬೇಕಿಲ್ಲ. ತಿರುಗಿಸುವ ಮೊದಲು ಗುಂಪಿನ ತಲೆಯಾಗಿದ್ದ ನೋಡೇ ತಿರುಗಿಸಿದ ಮೇಲೆ ಬಾಲ. ಕೊನೆಗೆ ಉಳಿಯುವ 7, 8 ಮೂರಿಲ್ಲ, ಆದ್ದರಿಂದ ಅವನ್ನು ಮುಟ್ಟಬಾರದು ಎಂಬುದು ಈ ಪ್ರಶ್ನೆಯ ವಾಡಿಕೆಯ ಷರತ್ತು. ಮೊದಲು ಎಣಿಸಿ ಆಮೇಲೆ ತಿರುಗಿಸುವುದು ಇದಕ್ಕಾಗಿಯೇ. 4 ಆಗಲೇ 7ಕ್ಕೆ ಅಂಟಿಕೊಂಡಿರುವುದರಿಂದ ಬೇರೇನೂ ಮಾಡಬೇಕಿಲ್ಲ. ಉತ್ತರ 3, 2, 1, 6, 5, 4, 7, 8.

ಪ್ಯಾಲಿಂಡ್ರೋಮ್ ಪ್ರಶ್ನೆಗೆ ನಮ್ಮ ವಿಕಟಕವಿಯನ್ನೇ ತೆಗೆದುಕೊಳ್ಳೋಣ: ವಿ, ಕ, ಟ, ಕ, ವಿ ಎಂಬ ಐದು ನೋಡ್‌ಗಳು. ಮೊದಲ ಅಕ್ಷರವನ್ನು ಕೊನೆಯದರ ಜೊತೆ ಹೋಲಿಸಬೇಕು, ಆದರೆ ಕೊನೆಯಿಂದ ಹಿಂದಕ್ಕೆ ನಡೆಯುವಂತಿಲ್ಲ. ಹಾಗಾಗಿ ಲಿಸ್ಟಿನ ಎರಡನೇ ಅರ್ಧವನ್ನೇ ತಿರುಗಿಸಿಬಿಡುತ್ತೇವೆ. ನಡು ಎಲ್ಲಿದೆ ಎಂದು ತಿಳಿಯಲು ಇಬ್ಬರನ್ನು ಒಟ್ಟಿಗೆ ಹೊರಡಿಸಬೇಕು, ಒಬ್ಬ ಒಂದೊಂದೇ ನೋಡ್ ದಾಟುವವನು, ಇನ್ನೊಬ್ಬ ಎರಡೆರಡು ದಾಟುವವನು. ವೇಗದವನು ಕೊನೆಯ ವಿ ತಲುಪಿದಾಗ ನಿಧಾನದವನು ಸರಿಯಾಗಿ ಟ ಮೇಲಿರುತ್ತಾನೆ. ಟದಿಂದ ಕೊನೆಯವರೆಗೆ ತಿರುಗಿಸಿದರೆ ವಿ→ಕ→ಟ ಸಿಗುತ್ತದೆ. ಮೊದಲ ಅರ್ಧವೂ ವಿ→ಕ→ಟ. ಎರಡನ್ನೂ ಜೊತೆಜೊತೆಗೆ ಓದುತ್ತಾ ಹೋದರೆ ಎಲ್ಲವೂ ಹೊಂದುತ್ತವೆ, ಉತ್ತರ ಹೌದು. 1, 2, 2, 1ರಂಥ ಸಮಸಂಖ್ಯೆಯ ಲಿಸ್ಟಿಗೂ ಇದೇ ಕ್ರಮ ನಡೆಯುತ್ತದೆ. ತಿರುಗಿಸಿದ ಅರ್ಧ ಮುಗಿದ ಕೂಡಲೇ ಹೋಲಿಕೆ ನಿಲ್ಲಿಸಬೇಕು, ಅಷ್ಟೇ.

ಇಲ್ಲಿ ಅನೇಕರು ಬಿಟ್ಟುಬಿಡುವ ಒಂದು ಹೆಜ್ಜೆಯಿದೆ, ನನ್ನ ಮಟ್ಟಿಗೆ ಅದೇ ಮುಖ್ಯ. 1, 2, 3, 4, 5 ಎಂಬ ಲಿಸ್ಟ್ ಕೊಟ್ಟರೆ ಮೊದಲ ಹೋಲಿಕೆಯಲ್ಲೇ 1 ಮತ್ತು 5 ಹೊಂದುವುದಿಲ್ಲ. ಅಲ್ಲ ಎಂದು ಹೇಳಿ ಅಲ್ಲಿಂದಲೇ ಹೊರಬಂದರೆ ಉತ್ತರವೇನೋ ಸರಿ. ಆದರೆ ಲಿಸ್ಟ್ ಕೊಟ್ಟವರ ಕೈಯಲ್ಲಿ ಈಗ ಉಳಿದಿರುವುದು 1, 2, 3 ಮಾತ್ರ, ಏಕೆಂದರೆ 3ರ ಮುಂದೆ `None` ಬಂದು ಕೂತಿದೆ. ಹೌದೋ ಅಲ್ಲವೋ ಎಂದು ಕೇಳಿದವರಿಗೆ ಅವರ ಪಟ್ಟಿ ತುಂಡಾಗಿ ವಾಪಸು ಸಿಗುವುದು ನ್ಯಾಯವಲ್ಲ. ಹೊರಬರುವ ಮೊದಲು ಎರಡನೇ ಅರ್ಧವನ್ನು ಇನ್ನೊಮ್ಮೆ ತಿರುಗಿಸಬೇಕು. 2ರಲ್ಲಿದ್ದ 3ರ ವಿಳಾಸವನ್ನು ಯಾರೂ ಮುಟ್ಟಿರಲಿಲ್ಲವಾದ್ದರಿಂದ ಲಿಸ್ಟ್ ತಾನಾಗಿ ಕೂಡಿಕೊಳ್ಳುತ್ತದೆ. ಅದೇ ಲಿಸ್ಟನ್ನು ಆ ಹೊತ್ತಿಗೆ ಬೇರೊಂದು ಪ್ರೋಗ್ರಾಂ ಓದುತ್ತಿರುವ ಸಂಭವವಿದ್ದರೆ ಮಾತ್ರ ಈ ವಿಧಾನ ಬೇಡ. ಬೆಲೆಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿಕೊಂಡು ಹೋಲಿಸುವುದೇ ಕ್ಷೇಮ, ಸ್ವಲ್ಪ ಹೆಚ್ಚು ಮೆಮೊರಿ ಹಿಡಿದರೂ ಚಿಂತೆಯಿಲ್ಲ.

ಕನ್ನಡದಲ್ಲಿ ಇದನ್ನು ಮಾಡಿ ನೋಡುವವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಪೈಥಾನ್‌ನಲ್ಲಿ `len("ವಿಕಟಕವಿ")` ಎಂದು ಕೇಳಿದರೆ 5 ಬರುವುದಿಲ್ಲ, 7 ಬರುತ್ತದೆ. ಯೂನಿಕೋಡ್‌ನಲ್ಲಿ ವಿ ಎಂಬುದು ವ ಮತ್ತು ಗುಡಿಸು ಎಂಬ ಎರಡು ಸಂಕೇತಗಳು. ಆ ಏಳನ್ನು ಏಳು ನೋಡ್‌ಗಳಾಗಿ ಇಟ್ಟರೆ ಮೊದಲ ನೋಡ್‌ನಲ್ಲಿ ವ, ಕೊನೆಯದರಲ್ಲಿ ಬರೀ ಗುಡಿಸು. ಮೇಲಿನ ಕ್ರಮವನ್ನು ಒಂದೂ ತಪ್ಪಿಲ್ಲದೆ ಬರೆದಿದ್ದರೂ ವಿಕಟಕವಿ ಪ್ಯಾಲಿಂಡ್ರೋಮ್ ಅಲ್ಲ ಎಂಬ ಉತ್ತರ ಬರುತ್ತದೆ. ಕಿಟಕಿ, ನವಜೀವನಗಳ ಗತಿಯೂ ಇದೇ. ಗದಗ ಮತ್ತು ಕನಕ ಪಾರಾಗುತ್ತವೆ, ಏಕೆಂದರೆ ಅವುಗಳಲ್ಲಿ ಗುಣಿತದ ಚಿಹ್ನೆಯೇ ಇಲ್ಲ. ಆದ್ದರಿಂದ ಪರೀಕ್ಷೆಗೆ ಬರೀ ಗದಗವನ್ನು ಕೊಟ್ಟು ಸರಿಯಿದೆ ಎಂದುಕೊಂಡರೆ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಪದವನ್ನು ಮೊದಲು ಗುಣಿತ, ಒತ್ತು ಸಮೇತ ಅಕ್ಷರಗಳಾಗಿ ಬಿಡಿಸಿ, ಒಂದು ಅಕ್ಷರಕ್ಕೆ ಒಂದು ನೋಡ್‌ನಂತೆ ಲಿಸ್ಟ್ ಕಟ್ಟಿದರೆ ಮೇಲಿನ ಕೋಡ್‌ನಲ್ಲಿ ಏನನ್ನೂ ಬದಲಿಸಬೇಕಿಲ್ಲ.